ಬಿಪಿ ಇಳಿದಿದೆ, ಆದರೆ ಯಾಕೆ? ಹಾಸಿಗೆಯ ಪಕ್ಕದಲ್ಲೇ ಶಾಕ್‌ನ ಬಗೆ ಗುರುತಿಸುವುದು ಹೇಗೆ

ಅಂಗಗಳಿಗೆ ಬೇಕಾದಷ್ಟು ರಕ್ತ ತಲುಪದೆ, ಅವು ಆಮ್ಲಜನಕಕ್ಕಾಗಿ ಒದ್ದಾಡುವ ಸ್ಥಿತಿಯೇ ಶಾಕ್. ಬಿಪಿ ಇಳಿಯುವುದು ಅದರ ಒಂದು ಗುರುತು ಅಷ್ಟೇ. ಅದೂ ಎಷ್ಟೋ ಸಲ ತಡವಾಗಿ ಕಾಣುವ ಗುರುತು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡುವ ನರ್ಸ್‌ಗಳು, ಹೌಸ್ ಸರ್ಜನ್‌ಗಳು, ನರ್ಸಿಂಗ್ ವಿದ್ಯಾರ್ಥಿಗಳು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೀವು ಆಸ್ಪತ್ರೆಯವರಲ್ಲದಿದ್ದರೆ, ಇಲ್ಲಿ ಹೇಳುವ ಗುರುತುಗಳು ಮನೆಯಲ್ಲಿ ಯಾರಿಗಾದರೂ ಕಂಡಾಗ 108ಕ್ಕೆ ಫೋನ್ ಮಾಡಿ. ಮನೆಯಲ್ಲೇ ಡ್ರಿಪ್ ಹಾಕಿಸಿ ಕಾಯಬೇಡಿ.

ಬಗೆ ಗುರುತಿಸುವುದು ಯಾಕೆ ಇಷ್ಟು ಮುಖ್ಯ? ವಾಂತಿ ಭೇದಿಯಿಂದ ಒಣಗಿ ಹೋದವರಿಗೆ ಒಂದು ಲೀಟರ್ ಸಲೈನ್ ಜೀವ ಕೊಡುತ್ತದೆ. ಅದೇ ಒಂದು ಲೀಟರ್ ದೊಡ್ಡ ಹಾರ್ಟ್ ಅಟ್ಯಾಕ್ ಆದವರ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು. ಇಬ್ಬರ ಬಿಪಿಯೂ 80 ಇರಬಹುದು, ಇಬ್ಬರೂ ಬೆವರುತ್ತಿರಬಹುದು. ವ್ಯತ್ಯಾಸ ಗೊತ್ತಾಗಬೇಕಾದರೆ ಕೈಯಿಂದ ಮುಟ್ಟಿ ನೋಡಬೇಕು.

ಮೊದಲು: ಇದು ಶಾಕ್ ಹೌದೋ ಅಲ್ವೋ

ಮಾನಿಟರ್ ನೋಡುವ ಮೊದಲು ರೋಗಿಯನ್ನು ಮಾತಾಡಿಸಿ. ಹೆಸರು, ಊರು ಕೇಳಿ. ತಡವರಿಸುತ್ತಾರಾ? ಚಡಪಡಿಸುತ್ತಾರಾ? ಸುಮ್ಮನಿದ್ದವರು ಇದ್ದಕ್ಕಿದ್ದಂತೆ ಮಾಸ್ಕ್ ಕಿತ್ತೆಸೆಯುತ್ತಿದ್ದರೆ ಅದನ್ನು ಹಟ ಎಂದುಕೊಳ್ಳಬೇಡಿ. ಮಿದುಳಿಗೆ ರಕ್ತ ಸಾಲದೆ ಇರಬಹುದು.

ಆಮೇಲೆ ಬೆರಳ ತುದಿ. ರೋಗಿಯ ತೋರುಬೆರಳಿನ ತುದಿಯ ಮೆತ್ತನೆ ಭಾಗವನ್ನು ಬಿಳಿಚುವಷ್ಟು ಒತ್ತಿ, 10 ಸೆಕೆಂಡ್ ಹಿಡಿದು ಬಿಡಿ. ಬಣ್ಣ ವಾಪಸ್ ಬರಲು 3 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಸರಿಯಿಲ್ಲ. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಎಂಬ ಅಧ್ಯಯನ ಇದೇ ಪರೀಕ್ಷೆಯನ್ನು ಸೋಂಕಿನ ಶಾಕ್ ಇರುವವರ ಚಿಕಿತ್ಸೆಗೆ ದಿಕ್ಸೂಚಿಯಾಗಿ ಬಳಸಿತ್ತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೋಣೆ ತಣ್ಣಗಿದ್ದರೆ ಬಣ್ಣ ಬರುವುದು ನಿಧಾನವಾಗುತ್ತದೆ, ಅದನ್ನು ನೆನಪಿಡಿ. ನಮ್ಮವರ ಮೈಬಣ್ಣ ಕಪ್ಪಾಗಿದ್ದರೆ ಒಳ್ಳೆಯ ಬೆಳಕು ಬೇಕು, ಉಗುರಿನ ಮೇಲೂ ಒಮ್ಮೆ ಒತ್ತಿ ನೋಡಿ.

ಮೂರನೆಯದು ಮೂತ್ರ. ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ ಅರ್ಧ ಮಿ.ಲೀ.ಗಿಂತ ಕಡಿಮೆ ಬಂದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. 60 ಕೆ.ಜಿ. ತೂಕದವರಿಗೆ ಅದು ಗಂಟೆಗೆ 30 ಮಿ.ಲೀ. ಕ್ಯಾಥೆಟರ್ ಹಾಕಿದ ತಕ್ಷಣ ಬಂದ ಮೂತ್ರವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಮೊದಲೇ ಮೂತ್ರಕೋಶದಲ್ಲಿ ಕೂಡಿದ್ದು.

ಈಗ ಬಿಪಿ. ತೀರಾ ಇಳಿದಾಗ ಆಟೊಮ್ಯಾಟಿಕ್ ಯಂತ್ರ ತಪ್ಪು ಅಂಕಿ ತೋರಿಸುವುದುಂಟು. ಕೈಯಲ್ಲೇ ಒಮ್ಮೆ ನೋಡಿ. ಮೇಲಿನ ಅಂಕಿ 90ಕ್ಕಿಂತ ಕಡಿಮೆಯಾದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಆದರೆ ಯಾವಾಗಲೂ 160 ಇರುವ ಅಜ್ಜನಿಗೆ 105 ಎಂದರೆ ಅದೇ ಕಡಿಮೆ. ಅದಕ್ಕಿಂತ ಹೆಚ್ಚು ಸುದ್ದಿ ಹೇಳುವುದು ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ. 120/80ರಲ್ಲಿ ಅಂತರ 40. ಇದು ಸಣ್ಣದಾಗುತ್ತಿದೆಯಾ, ದೊಡ್ಡದಾಗುತ್ತಿದೆಯಾ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಆಮೇಲೆ: ಪಾದ, ಕುತ್ತಿಗೆ, ನಾಡಿ

ಶಾಕ್ ಹೌದು ಅನಿಸಿದ ಮೇಲೆ ಬಗೆ ತಿಳಿಯಲು ಮೂರು ಜಾಗ ಸಾಕು.

ಹೊದಿಕೆ ಸರಿಸಿ, ನಿಮ್ಮ ಅಂಗೈಯ ಹಿಂಭಾಗವನ್ನು ರೋಗಿಯ ಪಾದಕ್ಕೆ ಮುಟ್ಟಿಸಿ. ಅಲ್ಲಿಂದ ಮೊಣಕಾಲಿನವರೆಗೆ ಮೇಲೇರಿ. ಪಾದ ತಣ್ಣಗಿದ್ದರೆ ರಕ್ತನಾಳಗಳು ಬಿಗಿಯಾಗಿವೆ. ಅಂದರೆ ಹೃದಯದಿಂದ ಹೊರಬರುವ ರಕ್ತವೇ ಕಡಿಮೆ, ಇರುವುದನ್ನು ಮಿದುಳು ಮತ್ತು ಹೃದಯಕ್ಕೆ ಉಳಿಸಲು ದೇಹ ಒದ್ದಾಡುತ್ತಿದೆ. ತಂಪು ಮೊಣಕಾಲಿನವರೆಗೆ ಏರಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟಿದೆ. ಪಾದ ಬೆಚ್ಚಗಿದ್ದೂ ಬಿಪಿ ಇಳಿದಿದ್ದರೆ ರಕ್ತನಾಳಗಳೇ ಸಡಿಲವಾಗಿವೆ.

ಕುತ್ತಿಗೆ ನೋಡುವುದಕ್ಕೆ ಹಾಸಿಗೆಯ ತಲೆಭಾಗವನ್ನು 45 ಡಿಗ್ರಿ ಎತ್ತಿ. ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆಯ ಕುತ್ತಿಗೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಡಿ. ಅಭಿಧಮನಿಯ ಮಿಡಿತ ಎಲ್ಲಿಯವರೆಗೆ ಕಾಣುತ್ತದೆ ನೋಡಿ. ಎದೆಮೂಳೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಅಡ್ಡ ಉಬ್ಬಿನಿಂದ 3-4 ಸೆಂ.ಮೀ.ಗಿಂತ ಮೇಲೆ ಕಂಡರೆ ರಕ್ತ ಹೃದಯದ ಬಾಗಿಲಲ್ಲೇ ನಿಂತಿದೆ ಎಂದರ್ಥ. ಎದ್ದು ಕೂರಿಸಲು ಆಗದವರಲ್ಲಿ ಇನ್ನೊಂದು ದಾರಿ ಇದೆ. ಆರೋಗ್ಯವಂತರು ಪೂರ್ತಿ ಮಲಗಿದಾಗ ಕುತ್ತಿಗೆಯ ಅಭಿಧಮನಿ ತುಂಬಿ ಕಾಣುತ್ತದೆ. ಮಲಗಿದ್ದಾಗಲೂ ಕಾಣದಿದ್ದರೆ ಅದು ಖಾಲಿಯಾಗಿದೆ.

ನಾಡಿಯನ್ನು ಮಾನಿಟರ್‌ನಲ್ಲಿ ಓದಿದರೆ ಸಾಲದು, ಹಿಡಿದು ನೋಡಿ. ನೂಲಿನಂತೆ ತೆಳುವಾಗಿದೆಯಾ, ಬೆರಳನ್ನು ತಳ್ಳುವಷ್ಟು ಜೋರಾಗಿದೆಯಾ? ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯನ್ನು ದಾಟಿದರೆ, ಉದಾಹರಣೆಗೆ ನಾಡಿ 120, ಬಿಪಿ 100 ಇದ್ದರೆ, ಬಿಪಿ ಚೆನ್ನಾಗಿದೆ ಎಂದು ಸಮಾಧಾನ ಪಡುವ ಹಾಗಿಲ್ಲ. ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ನಾಡಿ ಏರದೆ ಮೋಸ ಮಾಡುತ್ತದೆ. ಮಾತ್ರೆ ಚೀಟಿ ಕೇಳಿ ನೋಡಿ.

ರಕ್ತ ಅಥವಾ ನೀರು ಕಡಿಮೆಯಾದಾಗ

ಪಾದ ತಣ್ಣಗೆ, ಕುತ್ತಿಗೆ ಖಾಲಿ, ನಾಡಿ ತೆಳು ಮತ್ತು ವೇಗ. ಶ್ವಾಸಕೋಶ ಸ್ವಚ್ಛ. ಇದು ಸುಲಭದ ಚಿತ್ರ. ಕಷ್ಟವಿರುವುದು ಬೇಗ ಹಿಡಿಯುವುದರಲ್ಲಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಒಂದರಿಂದ ಒಂದೂವರೆ ಲೀಟರ್ ಹೋದರೂ ಗಟ್ಟಿಮುಟ್ಟಾದ ಯುವಕನ ಬಿಪಿಯ ಮೇಲಿನ ಅಂಕಿ ಹಾಗೇ ನಿಂತಿರಬಹುದು. ಮೊದಲು ಬದಲಾಗುವುದು ನಾಡಿ, ಜತೆಗೆ ಆ ಅಂತರ. ನಾಳಗಳು ಬಿಗಿಯುವುದರಿಂದ ಕೆಳಗಿನ ಅಂಕಿ ಏರುತ್ತದೆ, ಅಂತರ ಕಿರಿದಾಗುತ್ತದೆ. ಹೆರಿಗೆಯಾದ ಹೆಂಗಸರಲ್ಲೂ ಬಿಪಿ ಹೀಗೇ ಕೊನೆಯವರೆಗೆ ತಡೆದು ನಿಂತು, ಆಮೇಲೆ ಒಮ್ಮೆಗೇ ಕುಸಿಯುತ್ತದೆ.

ಹೊರಗೆ ರಕ್ತ ಕಾಣದಿದ್ದರೆ ಒಳಗೆ ಹುಡುಕಬೇಕಾದ ಜಾಗ ನಾಲ್ಕು: ಎದೆ, ಹೊಟ್ಟೆ, ಸೊಂಟದ ಮೂಳೆಗೂಡು, ತೊಡೆ. ತೊಡೆಮೂಳೆ ಮುರಿದರೆ ಅಲ್ಲೇ ಒಂದು ಲೀಟರಿಗಿಂತ ಜಾಸ್ತಿ ರಕ್ತ ಸೇರಿಕೊಳ್ಳಬಹುದು.

ಡೆಂಗ್ಯೂ ಕೂಡ ಈ ಗುಂಪಿಗೆ ಸೇರಿದ್ದು. ಅಲ್ಲಿ ರಕ್ತ ಸುರಿಯಬೇಕೆಂದೇನಿಲ್ಲ, ರಕ್ತದ ನೀರಿನ ಭಾಗ ನಾಳಗಳಿಂದ ಸೋರಿ ಎದೆ, ಹೊಟ್ಟೆಗೆ ಸೇರುತ್ತದೆ. ಇದು ಆಗುವುದು ಸಾಮಾನ್ಯವಾಗಿ ಜ್ವರ ಬಿಡುವ ಹೊತ್ತಿಗೆ. ಮನೆಯವರು ಜ್ವರ ಹೋಯಿತು ಎಂದು ನೆಮ್ಮದಿಯಾಗಿರುತ್ತಾರೆ. ಹುಡುಗ ಎದ್ದು ಕೂತು ಮಾತಾಡುತ್ತಿರುತ್ತಾನೆ. ಬಿಪಿ 100/84. ನೋಡಿದರೆ 100 ಇದೆ, ಆದರೆ ಅಂತರ ಬರೀ 16. ಡೆಂಗ್ಯೂ ಇರುವವರಲ್ಲಿ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದನ್ನು ಶಾಕ್ ಎಂದೇ ಹಿಡಿಯಬೇಕು. ಪಾದ ಮುಟ್ಟಿದರೆ ತಣ್ಣಗಿರುತ್ತದೆ, ಹೊಟ್ಟೆನೋವು ಇರುತ್ತದೆ, ರಕ್ತ ಗಟ್ಟಿಯಾಗಿ ಪಿಸಿವಿ ಏರಿರುತ್ತದೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಿರುವಾಗ ನೀವು ಪಾದ ಮತ್ತು ಅಂತರ ನೋಡಿ. ಆ ಹುಡುಗನ ಜೀವ ಇರುವುದು ಅಲ್ಲಿ.

ಹೃದಯವೇ ಸೋತಾಗ

ಇಲ್ಲೂ ಪಾದ ತಣ್ಣಗೆ, ನಾಡಿ ತೆಳು, ಮೈಯೆಲ್ಲ ಬೆವರು. ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕುತ್ತಿಗೆ. ಅಭಿಧಮನಿ ಉಬ್ಬಿರುತ್ತದೆ. ರೋಗಿ ಮಲಗಲು ಒಪ್ಪುವುದಿಲ್ಲ, ಕೂತೇ ಉಸಿರಾಡುತ್ತಾರೆ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಉಸಿರೆಳೆಯುವಾಗ ಚರಚರ ಸದ್ದು ಕೇಳುತ್ತದೆ. ಕಾಲು ಊದಿರಬೇಕು ಎಂದೇನಿಲ್ಲ. ಇವತ್ತು ಬೆಳಿಗ್ಗೆ ಹಾರ್ಟ್ ಅಟ್ಯಾಕ್ ಆದವರಿಗೆ ಕಾಲು ಊದಲು ಸಮಯವೇ ಸಿಕ್ಕಿರುವುದಿಲ್ಲ.

ಒಂದು ಬಲೆ ಇದೆ. ಕುತ್ತಿಗೆ ಉಬ್ಬಿದೆ, ಬಿಪಿ ಇಳಿದಿದೆ, ಆದರೆ ಶ್ವಾಸಕೋಶ ಸ್ವಚ್ಛವಾಗಿದೆ. ಇಸಿಜಿಯಲ್ಲಿ ಹೃದಯದ ಕೆಳಗೋಡೆಯ ಅಟ್ಯಾಕ್ ಕಂಡರೆ ಬಲಗಡೆಯ ಕೋಣೆಗೂ ಪೆಟ್ಟಾಗಿದೆಯೇ ಎಂದು ಎದೆಯ ಬಲಭಾಗದಲ್ಲಿ ಲೀಡ್ ಇಟ್ಟು ಮತ್ತೊಂದು ಇಸಿಜಿ ತೆಗೆಯಿರಿ. ಇವರಿಗೆ ನಾಲಿಗೆಯಡಿ ನೈಟ್ರೇಟ್ ಮಾತ್ರೆ ಇಟ್ಟರೆ ಬಿಪಿ ದಡಕ್ಕನೆ ಬೀಳಬಹುದು. ಹೃದಯ ಸೋತ ಉಳಿದವರಿಗೆ ಸಲೈನ್ ಅಪಾಯ ಎಂದೆನಲ್ಲ, ಇವರಲ್ಲಿ ಕೆಲವರಿಗೆ ಸ್ವಲ್ಪ ಸಲೈನ್ ಬೇಕಾಗುತ್ತದೆ. 250 ಮಿ.ಲೀ. ಕೊಟ್ಟು, ಬಿಪಿ ಮತ್ತು ಬೆನ್ನಿನ ಸದ್ದು ಮತ್ತೆ ನೋಡಬೇಕು.

ಕುತ್ತಿಗೆ ಉಬ್ಬಿ ಶ್ವಾಸಕೋಶ ಸ್ವಚ್ಛವಾಗಿರುವುದಕ್ಕೆ ಬೇರೆ ಕಾರಣಗಳೂ ಉಂಟು. ಹೃದಯದ ಸುತ್ತ ನೀರು ಅಥವಾ ರಕ್ತ ತುಂಬಿರಬಹುದು, ಶ್ವಾಸಕೋಶದ ದೊಡ್ಡ ನಾಳದಲ್ಲಿ ಹೆಪ್ಪು ಸಿಕ್ಕಿರಬಹುದು. ಒಂದು ಪಕ್ಕದ ಎದೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ ಆ ಪಕ್ಕದಲ್ಲಿ ಉಸಿರಿನ ಸದ್ದೇ ಕೇಳುವುದಿಲ್ಲ. ಅಂಥವರನ್ನು ಎಕ್ಸ್‌ರೇಗೆ ಕಳಿಸಿ ಕಾಯುವ ಹಾಗಿಲ್ಲ, ತಕ್ಷಣ ಸೂಜಿ ಹಾಕಿ ಗಾಳಿ ಬಿಡಿಸಬೇಕು.

ಸೋಂಕು ರಕ್ತಕ್ಕೆ ಏರಿದಾಗ

ಇದು ಮೊದಲು ಒಂದು ವೇಷದಲ್ಲಿ ಬರುತ್ತದೆ, ಆಮೇಲೆ ಇನ್ನೊಂದು. ಶುರುವಿನಲ್ಲಿ ನಾಳಗಳು ಸಡಿಲಗೊಂಡು ಪಾದ ಬೆಚ್ಚಗಿರುತ್ತದೆ, ನಾಡಿ ಬೆರಳನ್ನು ತಳ್ಳುತ್ತದೆ. ಬಿಪಿಯಲ್ಲಿ ಕೆಳಗಿನ ಅಂಕಿ ಬಿದ್ದು ಅಂತರ ಹಿಗ್ಗುತ್ತದೆ, 96/42 ಎಂಬಂತೆ. ನಿಮಿಷಕ್ಕೆ 22ಕ್ಕಿಂತ ಜಾಸ್ತಿ ಉಸಿರು, ಸ್ವಲ್ಪ ಗಲಿಬಿಲಿ. ಈ ಹಂತದಲ್ಲಿ ರೋಗಿ ನೋಡಲು ಅಷ್ಟೇನೂ ಕೆಟ್ಟಿರುವುದಿಲ್ಲ, ಬೆಚ್ಚಗಿದ್ದಾರೆ ಎಂದು ಬಿಟ್ಟುಬಿಡುವುದು ಇಲ್ಲೇ. ತಡವಾದರೆ ಪಾದ ತಣ್ಣಗಾಗುತ್ತದೆ, ಮೊಣಕಾಲಿನ ಸುತ್ತ ಚರ್ಮ ಬಲೆಬಲೆಯಾಗಿ ನೀಲಿಗಟ್ಟುತ್ತದೆ. ಆಗ ಇದನ್ನೂ ರಕ್ತ ಕಡಿಮೆಯಾದ ಶಾಕನ್ನೂ ಮುಟ್ಟಿ ಬೇರೆ ಮಾಡುವುದು ಕಷ್ಟ.

ಜ್ವರ ಇರಲೇಬೇಕೆಂದಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಎಷ್ಟೋ ಸಲ ತಣ್ಣಗೇ ಬರುತ್ತಾರೆ. ಹಾಗಾಗಿ ಮೂಲವನ್ನು ಕಣ್ಣಿನಿಂದ ಹುಡುಕಬೇಕು. ರೋಗಿಯನ್ನು ಮಗ್ಗುಲಾಗಿಸಿ ಬೆನ್ನು ನೋಡಿ, ಕಾಲ್ಬೆರಳ ಸಂದು ನೋಡಿ, ಹೊಟ್ಟೆ ಒತ್ತಿ. ಕರ್ನಾಟಕದಲ್ಲಿ ಇನ್ನೊಂದು ಮರೆಯಬಾರದು: ಕಂಕುಳು, ತೊಡೆಸಂದು, ಸೊಂಟದ ಬಟ್ಟೆ ಕಟ್ಟುವ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಚಕ್ಕೆ. ಅದು ಸ್ಕ್ರಬ್ ಟೈಫಸ್‌ನ ಗುರುತು. ನೋವಿರುವುದಿಲ್ಲ, ರೋಗಿಗೇ ಗೊತ್ತಿರುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಎಷ್ಟು ಕೊಟ್ಟರೂ ಅದು ಬಗ್ಗುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು.

ಸೋಂಕಿನ ಶಾಕ್ ಎನಿಸಿದರೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕು, ಅದಕ್ಕೂ ಮೊದಲು ಆದರೆ ಬ್ಲಡ್ ಕಲ್ಚರ್. ಸಲೈನ್ ಮೊದಲ 3 ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. ಎಂಬುದು ಸಾಮಾನ್ಯ ಲೆಕ್ಕ. ಅದನ್ನು ಒಮ್ಮೆಗೇ ಸುರಿಯದೆ, ಪ್ರತಿ ಬಾಟಲಿಗೂ ಬೆನ್ನಿನ ಸದ್ದು ಕೇಳುತ್ತಾ ಕೊಡಿ. ಅಷ್ಟಾದರೂ ಬಿಪಿ ಏರದಿದ್ದರೆ ಬೇಕಾದದ್ದು ನಾರ್‌ಅಡ್ರಿನಲಿನ್, ಇನ್ನಷ್ಟು ಸಲೈನ್ ಅಲ್ಲ.

ಬೆಚ್ಚಗಿನ ಶಾಕ್‌ಗೆ ಅಲರ್ಜಿಯೂ ಕಾರಣವಾಗುತ್ತದೆ. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಮೈ ಕೆಂಪೇರಿ, ದದ್ದು ಎದ್ದು, ಗಂಟಲು ಕಟ್ಟಿ ಬಿಪಿ ಬಿದ್ದರೆ ಮೊದಲ ಮದ್ದು ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿ.ಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ.

ನರದ ಹಿಡಿತ ತಪ್ಪಿದಾಗ

ರಕ್ತನಾಳಗಳನ್ನು ಬಿಗಿಯಾಗಿಡುವ, ಹೃದಯವನ್ನು ಓಡಿಸುವ ಸಂದೇಶಗಳು ಬೆನ್ನುಹುರಿಯ ಮೂಲಕ ಇಳಿಯುತ್ತವೆ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಬೆನ್ನುಹುರಿಗೆ ಪೆಟ್ಟಾದರೆ ಆ ಸಂದೇಶ ನಿಲ್ಲುತ್ತದೆ. ನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ. ಬೇರೆಲ್ಲ ಶಾಕ್‌ಗಳಲ್ಲಿ ನಾಡಿ ಓಡಿದರೆ ಇಲ್ಲಿ ನಿಧಾನವಾಗುತ್ತದೆ, 50-60. ಚರ್ಮ ಬೆಚ್ಚಗೆ, ಒಣಗಿ. ಗಂಡಸರಲ್ಲಿ ಶಿಶ್ನ ತಾನಾಗಿ ನಿಮಿರಿರಬಹುದು. ಅದನ್ನು ನೋಡಲು ಸಂಕೋಚ ಬೇಡ, ಅದು ಬೆನ್ನುಹುರಿಯ ಪೆಟ್ಟಿನ ಗುರುತು.

ಇದು ಅಪರೂಪದ ಬಗೆ. ಆದರೆ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಒಂದು ಉದಾಹರಣೆ ತೆಗೆದುಕೊಂಡು ನಿಧಾನವಾಗಿ ನೋಡೋಣ.

ಅಡಿಕೆ ಮರದಿಂದ ಬಿದ್ದವರು

ಮಲೆನಾಡಿನ ಮಳೆಗಾಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಿದ 38 ವರ್ಷದ ಕೊನೆಗಾರರೊಬ್ಬರು ಸುಮಾರು 30 ಅಡಿ ಎತ್ತರದಿಂದ ಜಾರಿ ಬಿದ್ದಿದ್ದಾರೆ. ಆಸ್ಪತ್ರೆಗೆ ಬಂದಾಗ ಎಚ್ಚರವಿದೆ. ಬಿಪಿ 82/44, ನಾಡಿ 56. ಪಾದ ಬೆಚ್ಚಗೆ, ಒಣಗಿದೆ. ಬೆರಳ ಬಣ್ಣ 2 ಸೆಕೆಂಡಿಗೇ ಬರುತ್ತದೆ. ಮೊಣಕೈ ಮಡಚುತ್ತಾರೆ, ಆದರೆ ನೇರ ಮಾಡಲು, ಮುಷ್ಟಿ ಹಿಡಿಯಲು ಆಗುವುದಿಲ್ಲ. ಕಾಲು ಅಲ್ಲಾಡುವುದಿಲ್ಲ. ಎದೆ ಏಳದೆ ಬರೀ ಹೊಟ್ಟೆಯಿಂದ ಉಸಿರಾಡುತ್ತಿದ್ದಾರೆ.

ಚಿತ್ರ ಸ್ಪಷ್ಟ ಅಲ್ವಾ? ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ, ನರದ ಶಾಕ್. ಕುತ್ತಿಗೆಗೆ ಕಾಲರ್ ಹಾಕಿ, ಮೈಯನ್ನು ಮರದ ದಿಮ್ಮಿಯಂತೆ ಒಂದೇ ಸಲ ಹೊರಳಿಸಿ, ಆಮ್ಲಜನಕ ಕೊಟ್ಟು, ಎರಡು ದಪ್ಪ ಕ್ಯಾನುಲಾ ಹಾಕುತ್ತೀರಿ. ಆದರೆ ಇಲ್ಲಿಗೆ ನಿಲ್ಲಬಾರದು. ಬಿದ್ದು ಬಂದವರ ಬಿಪಿ ಇಳಿದಿದ್ದರೆ, ಬೇರೆ ಎಂದು ಖಚಿತವಾಗುವ ತನಕ ಅದು ರಕ್ತಸ್ರಾವವೇ ಎಂದುಕೊಂಡು ಹುಡುಕಬೇಕು. 30 ಅಡಿಯಿಂದ ಬಿದ್ದ ಮೈ ಬರೀ ಕುತ್ತಿಗೆಗೆ ಮಾತ್ರ ಪೆಟ್ಟು ಮಾಡಿಕೊಳ್ಳುತ್ತದೆ ಎಂದು ಹೇಗೆ ಹೇಳುವುದು?

ತೊಂದರೆ ಏನೆಂದರೆ, ರಕ್ತಸ್ರಾವ ಹಿಡಿಯಲು ನಾವು ನಂಬಿದ ಗುರುತುಗಳೆಲ್ಲ ಈ ಮೈಯಲ್ಲಿ ಸುಮ್ಮನಾಗಿವೆ. ನಾಡಿ ಓಡಬೇಕು, ಆದರೆ ಓಡಿಸುವ ನರ ಕಡಿದಿದೆ. ಪಾದ ತಣ್ಣಗಾಗಬೇಕು, ಆದರೆ ನಾಳ ಬಿಗಿಯುವ ಸಂದೇಶವೇ ಹೋಗುತ್ತಿಲ್ಲ. ಹೊಟ್ಟೆ ಒತ್ತಿದರೆ ನೋವಾಗಬೇಕು, ಗಟ್ಟಿಯಾಗಬೇಕು. ಅವರಿಗೆ ಅಲ್ಲಿ ಸ್ಪರ್ಶವೇ ಇಲ್ಲ. ಮೆತ್ತಗಿರುವ ಹೊಟ್ಟೆ ಇಲ್ಲಿ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಸ್ಕ್ಯಾನ್ ಯಂತ್ರ ಹಾಸಿಗೆಯ ಬಳಿಗೇ ಬರಬೇಕು. ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಮೂತ್ರಕೋಶದ ಹಿಂದೆ, ಹೃದಯದ ಸುತ್ತ ಕಪ್ಪಾಗಿ ರಕ್ತ ಕಾಣುತ್ತದಾ ನೋಡಬೇಕು. ಎದೆಯ ಎರಡೂ ಪಕ್ಕದ ಉಸಿರಿನ ಸದ್ದು ಸಮವಿದೆಯೇ ಕೇಳಬೇಕು. ಎದೆ ಮತ್ತು ಸೊಂಟದ ಎಕ್ಸ್‌ರೇ ಬೇಕು. ನಮ್ಮ ರೋಗಿಯಲ್ಲಿ ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಒಂದು ಲೀಟರ್ ದ್ರವ ಹೋದ ಮೇಲೆ ಬಿಪಿ 94/50, ನಾಡಿ 58.

ಮುಕ್ಕಾಲು ಗಂಟೆ ಕಳೆಯಿತು. ಬಿಪಿ 78/48, ನಾಡಿ 76. ಹೊಸದಾಗಿ ಡ್ಯೂಟಿಗೆ ಬಂದವರು ನೋಡಿದರೆ ನಾಡಿ 76 ಚೆನ್ನಾಗಿದೆ ಎನ್ನುತ್ತಾರೆ. ಆದರೆ 58 ಇದ್ದದ್ದು 76 ಆಗಿದೆ, ಬಿಪಿ ಮತ್ತೆ ಇಳಿದಿದೆ. ನರದ ಶಾಕ್ ಒಂದೇ ಆಗಿದ್ದರೆ ಕೊಟ್ಟ ದ್ರವ ಎಲ್ಲಿ ಹೋಯಿತು? ಕೆಳರೆಪ್ಪೆ ಎಳೆದು ನೋಡಿದರೆ ಬಂದಾಗ ಇದ್ದದ್ದಕ್ಕಿಂತ ಬಿಳಿಚಿದೆ. ಪಾದ ಈಗಲೂ ಬೆಚ್ಚಗೇ ಇದೆ. ಸ್ಕ್ಯಾನ್ ಮತ್ತೆ ಮಾಡಿದರೆ ಗುಲ್ಮದ ಸುತ್ತ ಕಪ್ಪು ಪಟ್ಟಿ. ಗುಲ್ಮ ಒಡೆದು ರಕ್ತ ಸೋರುತ್ತಿದೆ. ಎರಡು ಶಾಕ್ ಒಂದೇ ಮೈಯಲ್ಲಿವೆ.

ಈಗ ಬೇಕಾದದ್ದು ರಕ್ತ ಮತ್ತು ಸರ್ಜನ್. ಪೆಟ್ಟಾಗಿ 3 ಗಂಟೆ ಮೀರಿಲ್ಲವಾದ್ದರಿಂದ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, 10 ನಿಮಿಷದಲ್ಲಿ ನಿಧಾನವಾಗಿ ಅಭಿಧಮನಿಗೆ. ಸಡಿಲ ನಾಳಗಳಿಗೆ ನಾರ್‌ಅಡ್ರಿನಲಿನ್ ಬೇಕಾಗುತ್ತದೆ, ಆದರೆ ರಕ್ತ ಕೊಡುವುದನ್ನು ಅದಕ್ಕಾಗಿ ನಿಲ್ಲಿಸಬಾರದು. ಗಂಟಲಿಗೆ ಸಕ್ಷನ್ ಹಾಕುವಾಗ ಇಂಥವರ ನಾಡಿ ಇದ್ದಕ್ಕಿದ್ದಂತೆ 40ಕ್ಕೆ ಇಳಿಯಬಹುದು, ಅಟ್ರೊಪಿನ್ ಸಿರಿಂಜಿನಲ್ಲಿ ಸಿದ್ಧವಿರಲಿ. ನಾಳಗಳು ಸಡಿಲವಿರುವುದರಿಂದ ಮೈಯ ಶಾಖ ಬೇಗ ಹೋಗುತ್ತದೆ, ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಕಡಿಮೆ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ.

ಜಿಲ್ಲಾಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ "ಬಿಪಿ ಕಡಿಮೆ, ಸಲೈನ್ ಕೊಟ್ಟಿದೆ" ಎಂದು ಬರೆದರೆ ಅಲ್ಲಿಯವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಬಂದ ಹೊತ್ತಿನ, ದ್ರವದ ನಂತರದ ಮತ್ತು ಹೊರಡುವಾಗಿನ ಬಿಪಿ, ನಾಡಿ, ಪಾದದ ಬಿಸಿ, ಮೂತ್ರ ಇವನ್ನು ಗಂಟೆ ನಿಮಿಷದ ಸಮೇತ ಮೂರು ಸಾಲಿನಲ್ಲಿ ಬರೆಯಿರಿ. ಕೈ ಎಷ್ಟು ಆಡುತ್ತಿತ್ತು, ಎಲ್ಲಿಂದ ಕೆಳಗೆ ಸ್ಪರ್ಶವಿರಲಿಲ್ಲ ಎಂಬುದನ್ನು ಸೇರಿಸಿ. ಮೊದಲ ಸ್ಕ್ಯಾನ್‌ನಲ್ಲಿ ಕಾಣದ ರಕ್ತ ಎರಡನೆಯದರಲ್ಲಿ ಕಂಡಿತು ಎಂಬ ಸಾಲಿಗೆ ಅಡಿಗೆರೆ ಹಾಕಿ. ಆಂಬ್ಯುಲೆನ್ಸ್ ಹೊರಡುವ ಮೊದಲೇ ಅಲ್ಲಿಗೆ ಫೋನ್ ಮಾಡಿ ರಕ್ತದ ಗುಂಪು ಹೇಳಿ.